ಯಾರ ನಾಳೆ, ಯಾವ ಊರಿನ ಸಂಜೆ?

ಕೇಳುಗರಿಗೆಲ್ಲ ನಮಸ್ಕಾರ. ಮೈಸೂರಲ್ಲಿ ಕೂತು ಅಮೆರಿಕದವರ ಜೊತೆ ಕೆಲಸ ಮಾಡುವ ಹುಡುಗ ಹುಡುಗಿಯರು ಈಗ ಬಹಳ ಜನ ಇದ್ದಾರೆ. ಇವತ್ತಿನ ಮಾತು ಅವರಿಗೆ. ನಾನು ಹೇಳುವುದು ಒಂದೇ ವಿಷಯ. ಮೇಲ್‌ನಲ್ಲಿ ಗಡುವು ಬರೆಯುವಾಗ ತಾರೀಖು, ಗಂಟೆ, ಊರು, ಹೆಸರು ನಾಲ್ಕೂ ಇರಬೇಕು.

ಯಾಕೆ ಅಂತ ಒಂದು ಘಟನೆಯಿಂದ ಹೇಳುತ್ತೇನೆ. ಮಂಡ್ಯದ ಹುಡುಗಿಯೊಬ್ಬಳು, ಇಲ್ಲಿನ ಕಂಪನಿಯೊಂದರಲ್ಲಿ ಟೀಮ್ ಲೀಡ್. ಜುಲೈ ತಿಂಗಳು. ನ್ಯೂಯಾರ್ಕಿನ ಮ್ಯಾನೇಜರ್ ಅವಳಿಗೆ ಎರಡು ಸಾಲು ಬರೆದ. "ನಾಳೆ ಸಂಜೆಯೊಳಗೆ ಅದನ್ನು ಅವರಿಗೆ ಕಳಿಸಿ. ಅವರು ನೋಡಿದ ಮೇಲೆ ನಾವು ಮುಂದಿನದು ಮಾಡೋಣ."

ಓದಿದರೆ ಎಲ್ಲ ಸರಿಯಾಗೇ ಇದೆ, ಅಲ್ವಾ? ಈಗ ಗಡಿಯಾರ ನೋಡಿ. ಅವನು ಬರೆದಿದ್ದು ಗುರುವಾರ ರಾತ್ರಿ 9ಕ್ಕೆ. ಜುಲೈನಲ್ಲಿ ನ್ಯೂಯಾರ್ಕಿಗಿಂತ ನಾವು ಒಂಬತ್ತೂವರೆ ಗಂಟೆ ಮುಂದೆ ಇರುತ್ತೇವೆ. ಅಂದರೆ ಇಲ್ಲಿ ಆಗಲೇ ಶುಕ್ರವಾರ ಬೆಳಿಗ್ಗೆ ಆರೂವರೆ. ಹುಡುಗಿ ಆಫೀಸಿಗೆ ಬಂದು ಮೇಲ್ ಓದಿದಳು. ಅವಳಿಗೆ ನಾಳೆ ಅಂದರೆ ಶನಿವಾರ. ಅವನ ಮನಸ್ಸಿನಲ್ಲಿದ್ದ ನಾಳೆ ಶುಕ್ರವಾರ.

ಅವಳು ಪಾಪ, ರಜೆಯ ದಿನವೂ ಬಂದಳು. ಸಂಬಳದ ವರದಿ ಸಿದ್ಧ ಮಾಡಿದಳು. ಅವರಿಗೆ ಅಂದರೆ ಯಾರಿಗೆ? ಹಿಂದಿನ ವಾರವೆಲ್ಲ ಮಾತು ನಡೆದಿದ್ದು ಇಲ್ಲಿನ ಟೆಸ್ಟಿಂಗ್ ಟೀಮಿನ ಬಗ್ಗೆ. ಹಾಗಾಗಿ ಅವರಿಗೇ ಕಳಿಸಿದಳು. ಮ್ಯಾನೇಜರ್ ಹೇಳಿದ್ದು ಗ್ರಾಹಕರ ಅಕೌಂಟ್ಸ್ ವಿಭಾಗ. ಅಲ್ಲಿಯವರು ಶುಕ್ರವಾರ ಸಂಜೆ 5ರವರೆಗೆ ಕಾದು ಮನೆಗೆ ಹೋದರು. ಅವರು ಮತ್ತೆ ಬರುವುದು ಸೋಮವಾರ ಬೆಳಿಗ್ಗೆ 9ಕ್ಕೆ, ಅಂದರೆ ನಮಗೆ ಸೋಮವಾರ ಸಂಜೆ ಆರೂವರೆ. "ನಾನು ಸ್ಪಷ್ಟವಾಗೇ ಬರೆದಿದ್ದೆ" ಅಂತ ಅವನು. "ಹೇಳಿದ್ದಕ್ಕಿಂತ ಮೊದಲೇ ಕಳಿಸಿದೆ" ಅಂತ ಇವಳು. ಇಬ್ಬರ ಮಾತಲ್ಲೂ ಸುಳ್ಳಿಲ್ಲ. ಇಂಥ ಜಗಳ ಬಂದಾಗ ಸುಮ್ನೆ ಮನುಷ್ಯರನ್ನು ಬೈಯಬೇಡಿ, ಆ ಮೇಲ್ ತೆಗೆದು ನೋಡಿ.

ನೋಡುವುದು ಹೇಗೆ? ನಾಳೆ, ಸಂಜೆ, ಅದು, ಅವರು, ನಾವು, ಈ ಪದ ಬಂದ ಕಡೆಯೆಲ್ಲ ಗೆರೆ ಎಳೆಯಿರಿ. ಒಂದೊಂದಕ್ಕೂ ಯಾರ, ಯಾವುದು, ಎಲ್ಲಿಯದು ಅಂತ ಕೇಳಿ. ಆ ಎರಡು ಸಾಲಿನಲ್ಲಿ ಇಂಥವು ಆರು ಇದ್ದವು! ಅದನ್ನೇ ತಿದ್ದಿ ಬರೆದರೆ ಹೀಗಾಗುತ್ತದೆ: "ಸಂಬಳದ ವರದಿಯನ್ನು ಗ್ರಾಹಕರ ಅಕೌಂಟ್ಸ್ ವಿಭಾಗಕ್ಕೆ ಕಳಿಸಿ. ಗಡುವು ಜುಲೈ 12, ಶುಕ್ರವಾರ, ನ್ಯೂಯಾರ್ಕಿನ ಸಂಜೆ 5. ಮೈಸೂರಿನಲ್ಲಿ ಆಗ ಜುಲೈ 13, ಶನಿವಾರ, ಬೆಳಗಿನ ಜಾವ 2.30. ಅವರು ಒಪ್ಪಿದ ಮೇಲೆ ಮುಂದಿನ ಕೆಲಸ ನ್ಯೂಯಾರ್ಕ್ ಟೀಮಿನದು."

ಎರಡೂ ಊರಿನ ಗಂಟೆ ಬರೆದ ತಕ್ಷಣ ಏನು ಕಾಣಿಸಿತು ನೋಡಿ. ಬೆಳಗಿನ ಜಾವ ಎರಡೂವರೆಗೆ ಯಾರೂ ಆಫೀಸಿನಲ್ಲಿ ಇರುವುದಿಲ್ಲ. ಹಾಗಾದರೆ ಅವಳಿಗೆ ನಿಜವಾದ ಗಡುವು ಶುಕ್ರವಾರ ಮನೆಗೆ ಹೊರಡುವ ಹೊತ್ತು. ಇದು ಶುಕ್ರವಾರ ಬೆಳಿಗ್ಗೆಯೇ ಗೊತ್ತಾಗುತ್ತಿತ್ತು. ಇನ್ನೊಂದು, ನಾವು ಮಾತಿನಲ್ಲಿ ಆ ಹೊತ್ತನ್ನು "ಶುಕ್ರವಾರ ರಾತ್ರಿ ಎರಡೂವರೆ" ಅಂತಲೇ ಅನ್ನುತ್ತೇವೆ. ಮನೆಯಲ್ಲಿ ನಡೆಯುತ್ತದೆ, ಮೇಲ್‌ನಲ್ಲಿ ನಡೆಯದು. ವಾರ ಬರೆದರೆ ಸಾಲದು, ತಾರೀಖೂ ಬೇಕು.

ಸಮಯ ಜಾಸ್ತಿ ಉಳಿದಿಲ್ಲ, ಬೇಗ ಬೇಗ ಹೇಳುತ್ತೇನೆ. ಐಎಸ್‌ಟಿ ಅಂತ ಮೂರಕ್ಷರ ಬರೆದು ಬಿಡಬೇಡಿ. ಐರ್ಲೆಂಡಿನವರೂ ಇಸ್ರೇಲಿನವರೂ ತಮ್ಮ ಸಮಯಕ್ಕೆ ಅದೇ ಮೂರಕ್ಷರ ಬಳಸುತ್ತಾರೆ. ಊರಿನ ಹೆಸರು ಬರೆಯಿರಿ. ಅಮೆರಿಕದ ಬಹುಪಾಲು ಕಡೆ ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಿಡುತ್ತಾರೆ. ನಾವು ಬದಲಿಸುವುದಿಲ್ಲ. ಹಾಗಾಗಿ ನ್ಯೂಯಾರ್ಕಿನ ಬೆಳಿಗ್ಗೆ 9ರ ಮೀಟಿಂಗ್ ನಮಗೆ ಜುಲೈನಲ್ಲಿ ಸಂಜೆ ಆರೂವರೆಗೆ, ಡಿಸೆಂಬರಿನಲ್ಲಿ ಏಳೂವರೆಗೆ. ಮೀಟಿಂಗ್ ಯಾವ ಊರಿನ ಗಡಿಯಾರಕ್ಕೆ ಕಟ್ಟಿದ್ದು ಅಂತ ಮೊದಲೇ ಬರೆದಿಡಿ.

05/06 ಅಂತ ಬರೆದರೆ ನಮಗೆ ಜೂನ್ 5, ಅವರಿಗೆ ಮೇ 6. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. "ಶುಕ್ರವಾರ ಮಧ್ಯರಾತ್ರಿ" ಅಂದರೆ ಶುಕ್ರವಾರ ಶುರುವಾಗುವ ಹೊತ್ತೋ ಮುಗಿಯುವ ಹೊತ್ತೋ ತಿಳಿಯುವುದಿಲ್ಲ. ರಾತ್ರಿ 11.59 ಅಂತ ಬರೆದು, ತಾರೀಖೂ ಊರೂ ಸೇರಿಸಿ. ನಮಸ್ಕಾರ.