ಸ್ಲೈಡಿನ ಮೇಲೆ ಎಷ್ಟು ಬರೆಯಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ಸಭೆಗೆಂದು ಸ್ಲೈಡ್ ತಯಾರಿಸುವವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಒಂದು ಸ್ಲೈಡಿನಲ್ಲಿ ಎಷ್ಟು ಸಾಲು ಇರಬೇಕು? ಆರು ಸಾಲು, ಸಾಲಿಗೆ ಆರು ಪದ ಎಂಬ ಲೆಕ್ಕವನ್ನು ಅವರು ಎಲ್ಲೋ ಕೇಳಿರುತ್ತಾರೆ. ಆ ಲೆಕ್ಕವನ್ನು ದಯವಿಟ್ಟು ಬಿಟ್ಟುಬಿಡಿ. ಸಭೆ ಮುಗಿದ ಮೇಲೆ ಅದೇ ಕಡತ ಸಭೆಗೆ ಬಾರದವರ ಕೈಗೂ ಹೋಗುತ್ತದೆ. ಅಲ್ಲಿ ನಿಮ್ಮ ಧ್ವನಿ ಇರುವುದಿಲ್ಲ. ಆದ್ದರಿಂದ ನಾನು ಹೇಳುವುದು ಇಷ್ಟೇ: ಸ್ಲೈಡಿನ ಶೀರ್ಷಿಕೆ ಒಂದು ಪೂರ್ಣ ವಾಕ್ಯವಾಗಿರಲಿ, ನಿಮ್ಮ ತೀರ್ಮಾನ ಆ ವಾಕ್ಯದಲ್ಲಿರಲಿ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಗ್ರಾಹಕರ ದೂರುಗಳ ಬಗ್ಗೆ ಪ್ರತಿ ತಿಂಗಳೂ ವರದಿ ಒಪ್ಪಿಸುವ ಕೆಲಸ ನನ್ನದಾಗಿತ್ತು. ಒಂದು ಸ್ಲೈಡಿನಲ್ಲಿ ನಾಲ್ಕು ತಿಂಗಳ ಕಂಬ ನಕ್ಷೆ ಹಾಕಿದ್ದೆ. ಮೊದಲೆರಡು ತಿಂಗಳು 40 ಮತ್ತು 42 ದೂರು, ನಂತರ ಒಮ್ಮೆಲೇ 71, ಆಮೇಲೆ 70. ಮೇಲೆ ‘ದೂರುಗಳ ಸ್ಥಿತಿಗತಿ’ ಎಂಬ ಎರಡು ಪದಗಳ ಶೀರ್ಷಿಕೆ. ಸ್ಲೈಡ್ ಅಚ್ಚುಕಟ್ಟಾಗಿದೆ ಎಂದು ನನಗೆ ಹೆಮ್ಮೆ. ಮೂರನೇ ತಿಂಗಳಿನಿಂದ ಫೋನ್ ಮೂಲಕ ಬಂದ ದೂರುಗಳನ್ನೂ ಎಣಿಕೆಗೆ ಸೇರಿಸಿದ್ದೇವೆ, ಅದಕ್ಕೇ ಸಂಖ್ಯೆ ಏರಿದೆ ಎಂದು ಸಭೆಯಲ್ಲಿ ಬಾಯಲ್ಲಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು.

ಮೇಲಧಿಕಾರಿಯೊಬ್ಬರು ಆ ದಿನ ಸಭೆಗೆ ಬಂದಿರಲಿಲ್ಲ. ರಾತ್ರಿ ಕಡತ ತೆರೆದು ನೋಡಿದರು. ಅವರಿಗೆ ಕಂಡದ್ದು 42ರಿಂದ 71ಕ್ಕೆ ಜಿಗಿದ ಕಂಬ ಮಾತ್ರ. ಮರುದಿನ ಬೆಳಿಗ್ಗೆ ಸೇವಾ ವಿಭಾಗದವರಿಂದ ವಿವರಣೆ ಕೇಳಿ ಪತ್ರ ಹೊರಟಿತ್ತು. ಅವರು ಓದಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪು ನಾನು ಬರೆಯದೆ ಬಿಟ್ಟದ್ದರಲ್ಲಿತ್ತು.

ಮುಂದಿನ ತಿಂಗಳು ನಾನು ಇನ್ನೊಂದು ತುದಿಗೆ ಹೋದೆ. ನಕ್ಷೆಯ ಪಕ್ಕದಲ್ಲಿ ಎರಡು ದಟ್ಟ ಪ್ಯಾರಾ ತುಂಬಿದೆ. ಆಗ ಸಭೆಯಲ್ಲಿದ್ದವರು ನನ್ನ ಮಾತು ಕೇಳಲೇ ಇಲ್ಲ. ಕಣ್ಣು ಓದುವ ವೇಗಕ್ಕೆ ನಾಲಿಗೆ ಸಾಟಿಯಲ್ಲ. ನಾನು ಮೊದಲ ಸಾಲಿನಲ್ಲಿದ್ದಾಗ ಅವರು ಕೊನೆಯ ಸಾಲಿನಲ್ಲಿದ್ದರು. ಅದೇ ಪದಗಳನ್ನು ಓದುತ್ತಾ ಕೇಳುತ್ತಾ ಇರುವವರಿಗೆ ಎರಡೂ ಸರಿಯಾಗಿ ದಕ್ಕುವುದಿಲ್ಲ.

ಮೂರನೇ ಸಲ ಆ ನಕ್ಷೆಯನ್ನೇ ಇಟ್ಟುಕೊಂಡು ಶೀರ್ಷಿಕೆಯನ್ನು ಹೀಗೆ ಬರೆದೆ: ‘ಫೋನ್ ದೂರುಗಳನ್ನು ಸೇರಿಸಿದ್ದರಿಂದ ಒಟ್ಟು ಸಂಖ್ಯೆ ಏರಿದೆ, ಇಮೇಲ್ ದೂರುಗಳು ಮೊದಲಿನಷ್ಟೇ ಇವೆ.’ 71ರ ಕಂಬವನ್ನು ಎರಡು ಬಣ್ಣವಾಗಿ ಒಡೆದು, ಬಣ್ಣದ ಮೇಲೆಯೇ ‘ಇಮೇಲ್ 41’, ‘ಫೋನ್ 30’ ಎಂದು ಬರೆದೆ. ಅಷ್ಟೇ. ಸಭೆಯಲ್ಲಿದ್ದವರು ಶೀರ್ಷಿಕೆಯನ್ನು ಕ್ಷಣದಲ್ಲಿ ಓದಿ ನನ್ನ ಕಡೆ ತಿರುಗಿದರು. ಕಡತವನ್ನು ಮಾತ್ರ ಓದಿದ ಅದೇ ಅಧಿಕಾರಿ ಈ ಸಲ ಕೇಳಿದ್ದು, ‘ಫೋನ್ ಮಾಡುವವರು ಹೆಚ್ಚಾಗಿ ಯಾವುದರ ಬಗ್ಗೆ ದೂರುತ್ತಾರೆ?’ ಎಂದು. ಇದು ಕೇಳಬೇಕಾದ ಪ್ರಶ್ನೆ!

ನೋಡಿ, ‘ಸ್ಥಿತಿಗತಿ’, ‘ಅವಲೋಕನ’, ‘ಹಿನ್ನೆಲೆ’ ಇವೆಲ್ಲ ಶೀರ್ಷಿಕೆಗಳಲ್ಲ, ಡಬ್ಬಿಯ ಮೇಲಿನ ಚೀಟಿಗಳು. ಒಳಗೇನಿದೆ ಎಂದು ಹೇಳುತ್ತವೆ, ಅದರಿಂದ ಏನು ತಿಳಿಯಬೇಕು ಎಂದು ಹೇಳುವುದಿಲ್ಲ. ಮತ್ತೆ ಹೇಳುತ್ತೇನೆ: ಶೀರ್ಷಿಕೆ ಪೂರ್ಣ ವಾಕ್ಯವಾಗಿರಲಿ. ಅದು ಎರಡು ಸಾಲಿಗೆ ಹರಡಿದರೂ ಚಿಂತೆಯಿಲ್ಲ. ಮೂರನೇ ಸಾಲಿಗೆ ಇಳಿದರೆ ಆ ಸ್ಲೈಡಿನಲ್ಲಿ ಎರಡು ವಿಷಯಗಳಿವೆ ಎಂದು ತಿಳಿದು ಅದನ್ನು ಎರಡಾಗಿ ಒಡೆಯಿರಿ.

ಹಾಗಾದರೆ ಉಳಿದ ವಿವರ ಎಲ್ಲಿಗೆ? ಸ್ಲೈಡಿನ ಕೆಳಗೆ ಟಿಪ್ಪಣಿಯ ಜಾಗವಿದೆಯಲ್ಲ, ಅಲ್ಲಿಗೆ. ನೀವು ಬಾಯಲ್ಲಿ ಹೇಳುವುದನ್ನೇ ಅಲ್ಲಿ ನಾಲ್ಕೈದು ಪೂರ್ಣ ವಾಕ್ಯಗಳಲ್ಲಿ ಬರೆಯಿರಿ. ನಿಮಗಷ್ಟೇ ಅರ್ಥವಾಗುವ ಗುರುತುಗಳು ಓದುವವರಿಗೆ ಪ್ರಯೋಜನವಿಲ್ಲ. ಒಂದು ಎಚ್ಚರ: ಸಾಮಾನ್ಯವಾಗಿ ಪಿಡಿಎಫ್ ಮಾಡಿದರೆ ಟಿಪ್ಪಣಿ ಅದರಲ್ಲಿ ಬರುವುದಿಲ್ಲ. ಪವರ್‌ಪಾಯಿಂಟ್‌ನಲ್ಲಾದರೆ ಮುದ್ರಣದ ವಿನ್ಯಾಸದಲ್ಲಿ Notes Pages ಆರಿಸಿ, ಮುದ್ರಣದ ಮೂಲಕವೇ ಪಿಡಿಎಫ್ ಆಗಿ ಉಳಿಸಿ. ಪ್ರತಿ ಪುಟದಲ್ಲಿ ಮೇಲೆ ಸ್ಲೈಡ್, ಕೆಳಗೆ ನಿಮ್ಮ ಮಾತು ಬರುತ್ತದೆ. ಹಂಚಬೇಕಾದದ್ದು ಈ ಕಡತ.

ಅನಿಮೇಷನ್ ಬಗ್ಗೆಯೂ ಹೇಳಬೇಕೆಂದಿದ್ದೆ, ಸಮಯ ಕಡಿಮೆಯಿದೆ. ಒಂದರ ಜಾಗದಲ್ಲಿ ಇನ್ನೊಂದು ಬರುವಂತೆ ಮಾಡಿದ ಚಿತ್ರಗಳು ಪಿಡಿಎಫ್‌ನಲ್ಲಿ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಅವನ್ನು ಬೇರೆ ಬೇರೆ ಸ್ಲೈಡ್ ಮಾಡಿ.

ಕಳುಹಿಸುವ ಮುನ್ನ ಎರಡು ನಿಮಿಷ ಕೊಡಿ. ಶೀರ್ಷಿಕೆಗಳನ್ನು ಮಾತ್ರ ಒಂದರ ಹಿಂದೆ ಒಂದು ಗಟ್ಟಿಯಾಗಿ ಓದಿ. ಕಥೆ ಓಡಬೇಕು. ಆಮೇಲೆ ಸಭೆಯಲ್ಲಿಲ್ಲದ ಒಬ್ಬರಿಗೆ ಅತಿ ಮುಖ್ಯವಾದ ಸ್ಲೈಡ್ ತೋರಿಸಿ, ಏನೂ ವಿವರಿಸದೆ, ‘ಇದರಿಂದ ನಿಮಗೇನು ತಿಳಿಯಿತು?’ ಎಂದು ಕೇಳಿ. ಉತ್ತರ ಕೊಡುವಾಗ ಮಧ್ಯೆ ಬಾಯಿ ಹಾಕಬೇಡಿ. ‘ಇಲ್ಲ, ಅದು ಹಾಗಲ್ಲ’ ಎಂದು ನಿಮಗೆ ಹೇಳಬೇಕೆನಿಸಿದರೆ, ಮುಂದೆ ನೀವು ಹೇಳಲಿದ್ದ ವಾಕ್ಯವನ್ನೇ ಶೀರ್ಷಿಕೆಯ ಜಾಗದಲ್ಲಿ ಬರೆಯಿರಿ.

ನಮಸ್ಕಾರ.