ಸ್ಟೆಪ್-ಅಪ್ ಎಸ್‌ಐಪಿ: ಐದು ಸಾವಿರದ ಕಂತು ಒಂದು ಕೋಟಿಯ ಹತ್ತಿರ ಹೋಗುವ ಲೆಕ್ಕ

ಎಲ್ಲರಿಗೂ ನಮಸ್ಕಾರ. ಎಸ್‌ಐಪಿ ಅಂದ್ರೆ ಮ್ಯೂಚುವಲ್ ಫಂಡ್‌ಗೆ ತಿಂಗಳು ತಿಂಗಳು ಕಟ್ಟುವ ಕಂತು; ಆ ಕಂತನ್ನು ವರ್ಷ ವರ್ಷ ಏರಿಸುತ್ತಾ ಹೋದರೆ ಅದೇ ಸ್ಟೆಪ್-ಅಪ್. ನೇರವಾಗಿ ಲೆಕ್ಕಕ್ಕೇ ಬರ್ತೀನಿ.

ತಿಂಗಳಿಗೆ 5,000 ರೂಪಾಯಿ, 20 ವರ್ಷ. ತಿಂಗಳಿಗೆ ಶೇ. 1ರಂತೆ ಬೆಳೆಯುತ್ತೆ ಅಂತ ಇಟ್ಕೊಳ್ಳೋಣ. ಇದು ಬರೀ ಊಹೆ, ಮಾರುಕಟ್ಟೆ ಹೀಗೆ ನಿಯಮ ಹಿಡಿದು ನಡೆಯೋದಿಲ್ಲ. ಕಂತು ಬದಲಾಗದಿದ್ದರೆ ಕೊನೆಗೆ ಸಿಗೋದು ಸುಮಾರು 50 ಲಕ್ಷ. ಪ್ರತಿ ವರ್ಷ ಕಂತನ್ನು ಶೇ. 10 ಏರಿಸುತ್ತಾ ಹೋದರೆ 99 ಲಕ್ಷ ದಾಟುತ್ತೆ. ಜಾಹೀರಾತಿನಲ್ಲಿ ನೀವು ನೋಡೋದು ಇಷ್ಟೇ: 'ಹಣ ದುಪ್ಪಟ್ಟು!'

ಆದರೆ ಜೇಬಿನಿಂದ ಹೋದದ್ದೆಷ್ಟು? ಮೊದಲನೆಯದರಲ್ಲಿ 12 ಲಕ್ಷ, ಎರಡನೆಯದರಲ್ಲಿ 34 ಲಕ್ಷಕ್ಕೂ ಮಿಗಿಲು. ಹಾಕಿದ್ದು ಹತ್ತಿರ ಹತ್ತಿರ ಮೂರು ಪಟ್ಟು, ಬಂದದ್ದು ಎರಡು ಪಟ್ಟು. ಯಾಕೆ ಹೀಗೆ?

ಒಂದೊಂದು ವರ್ಷದ ಕಂತುಗಳನ್ನು ಬೇರೆ ಬೇರೆ ಗಂಟು ಕಟ್ಟಿ ನೋಡಿ. ಮೊದಲ ವರ್ಷ ಹಾಕಿದ 60,000, ವರ್ಷದ ಕೊನೆಗೆ 64 ಸಾವಿರ ಆಗಿ, ಮುಂದೆ 19 ವರ್ಷ ಬೆಳೆದು 6.19 ಲಕ್ಷ ಆಗುತ್ತೆ. ಇಪ್ಪತ್ತನೇ ವರ್ಷ ನಿಮ್ಮ ಕಂತು ತಿಂಗಳಿಗೆ 30,580. ಆ ವರ್ಷ ಹಾಕೋದು 3.67 ಲಕ್ಷ, ಕೈಗೆ ಬರೋದು 3.92 ಲಕ್ಷ. ದೊಡ್ಡ ಗಂಟಿಗೆ ಬೆಳೆಯಲು ಸಮಯವೇ ಇಲ್ಲ. ಕಂತು ದೊಡ್ಡದಾಗೋದು ಕೊನೆಯ ವರ್ಷಗಳಲ್ಲಿ, ಚಕ್ರಬಡ್ಡಿಯ ಬಲ ಸಿಗೋದು ಮೊದಲ ವರ್ಷಗಳಲ್ಲಿ ಹಾಕಿದ ಹಣಕ್ಕೆ.

ಇನ್ನೊಂದು ಹೋಲಿಕೆ ನನಗೆ ತುಂಬಾ ಇಷ್ಟ. ಮೊದಲ ದಿನದಿಂದಲೇ ಏರಿಕೆಯಿಲ್ಲದೆ 10,000 ಕಟ್ಟಿದರೆ ಹಾಕೋದು 24 ಲಕ್ಷ, ಬರೋದು ಅದೇ 99 ಲಕ್ಷ ಚಿಲ್ಲರೆ. ಅಂದರೆ ಈಗಲೇ 10,000 ಕಟ್ಟಲು ಶಕ್ತಿ ಇದ್ದವರು 'ಸ್ಟೆಪ್-ಅಪ್ ಮಾಡ್ತೀನಲ್ಲ' ಅಂತ 5,000ಕ್ಕೆ ಇಳಿದರೆ, ಅದೇ ಮೊತ್ತಕ್ಕೆ ಹತ್ತು ಲಕ್ಷ ಹೆಚ್ಚು ಸುರೀತಾರೆ. ಸ್ಟೆಪ್-ಅಪ್ ಇರೋದು ಇವತ್ತು ಐದೇ ಸಾವಿರ ಕೈಗೆಟಕುವ, ಸಂಬಳ ಏರುವ ಭರವಸೆ ಇರುವವರಿಗೆ.

ಆ ಭರವಸೆಯನ್ನೂ ತೂಗಿ ನೋಡಬೇಕು. ಸಂಬಳ 40,000, ಇನ್‌ಕ್ರಿಮೆಂಟ್ ವರ್ಷಕ್ಕೆ ಶೇ. 7 ಅನ್ನಿ. ಇವತ್ತು ಎಂಟರಲ್ಲಿ ಒಂದು ಪಾಲು ಕಂತಿಗೆ ಹೋಗುತ್ತೆ, ಇಪ್ಪತ್ತನೇ ವರ್ಷ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು. ಆ ಹೊತ್ತಿಗೆ ಮಕ್ಕಳ ಕಾಲೇಜು ಫೀಜೂ ಬಂದಿರುತ್ತೆ. ಏರಿಕೆಯನ್ನು ಇನ್‌ಕ್ರಿಮೆಂಟಿನ ಮಟ್ಟಕ್ಕೇ ಇಟ್ಟುಕೊಂಡರೆ ಉಸಿರುಗಟ್ಟೋದಿಲ್ಲ.

ಕೊನೆಗೊಂದು ಸಣ್ಣ ವಿಷಯ, ಅದರಲ್ಲೇ ಬಹಳ ಜನ ಎಡವೋದು. ಬ್ಯಾಂಕಿಗೆ ಕೊಡುವ ಆಟೋ ಡೆಬಿಟ್ ಮ್ಯಾಂಡೇಟ್‌ಗೆ, ಅಂದ್ರೆ ಖಾತೆಯಿಂದ ಕಂತು ತಾನಾಗೇ ಕಡಿತವಾಗಲು ಕೊಡುವ ಒಪ್ಪಿಗೆಗೆ, ಒಂದು ಗರಿಷ್ಠ ಮಿತಿ ಇರುತ್ತೆ. ಅಲ್ಲಿ 10,000 ಅಂತ ಬರೆದಿದ್ದರೆ ಎಂಟು ವರ್ಷ ಏನೂ ತೊಂದರೆ ಇಲ್ಲ. ಒಂಬತ್ತನೇ ವರ್ಷ ಕಂತು 10,718 ಆಗುತ್ತೆ, ಅಲ್ಲಿಂದ ಆಚೆ ಏರಿದ ಕಂತು ಕಡಿತ ಆಗೋದಿಲ್ಲ. ಫಾರಂ ತುಂಬುವಾಗಲೇ ಕೊನೆಯ ವರ್ಷದ ಕಂತು ನೋಡಿ, 31,000 ಅಂತ ಬರೆದುಬಿಡಿ.