ಯುಗಾದಿಯೂ ವಿಕ್ರಮ ಸಂವತ್ಸರದ ಹೊಸ ವರ್ಷವೂ

ಎಲ್ಲರಿಗೂ ನಮಸ್ಕಾರ. ಒಂದೇ ದಿನವನ್ನು ಹಿಡಿದುಕೊಂಡು ಮಾತು ಶುರು ಮಾಡುತ್ತೇನೆ. 2024ರ ಆಗಸ್ಟ್ 15. ಅವತ್ತು ಬೆಳಿಗ್ಗೆ ಶ್ರಾವಣ ಶುದ್ಧ ದಶಮಿ. ನಮ್ಮ ಪಂಚಾಂಗದಲ್ಲಿ ಅದು ಶಕ ವರ್ಷ 1946. ಕಾಶಿಯ ಪಂಚಾಂಗದಲ್ಲಿ ವಿಕ್ರಮ 2081. ಅಹಮದಾಬಾದಿನಲ್ಲಿ ವಿಕ್ರಮ 2080. ತಿಥಿ ಒಂದೇ, ಆದರೆ ವರ್ಷದ ಲೆಕ್ಕ ಮೂರು!

ಶಕ ಮತ್ತು ವಿಕ್ರಮಕ್ಕೆ 135 ವರ್ಷದ ಅಂತರ ಇದೆ. ವಿಕ್ರಮದ ಎಣಿಕೆ ಕ್ರಿಸ್ತಪೂರ್ವ 57ರಿಂದ, ಶಕದ್ದು ಕ್ರಿಸ್ತಶಕ 78ರಿಂದ. ಇದು ಸುಲಭ. ತೊಡಕಿರುವುದು ವರ್ಷ ಯಾವಾಗ ಬದಲಾಗುತ್ತದೆ ಅನ್ನುವುದರಲ್ಲಿ.

ಕಾಶಿಯವರ ಹೊಸ ವರ್ಷವೂ ಚೈತ್ರ ಶುದ್ಧ ಪಾಡ್ಯದಂದೇ, ಅಂದರೆ ನಮ್ಮ ಯುಗಾದಿಯ ದಿನವೇ. ಆದರೆ ನಮ್ಮ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಅವರದ್ದು ಹುಣ್ಣಿಮೆಗೆ. ಹಾಗಾಗಿ ಹೋಳಿ ಹುಣ್ಣಿಮೆಯ ಮರುದಿನವೇ ಅಲ್ಲಿ ಚೈತ್ರ ಶುರು. 2024ರಲ್ಲಿ ಅದು ಮಾರ್ಚ್ 26. ಯುಗಾದಿ ಬಂದದ್ದು ಏಪ್ರಿಲ್ 9ಕ್ಕೆ. ನಡುವಿನ ಆ ಹದಿನಾಲ್ಕು ದಿನ ತಿಂಗಳು ಚೈತ್ರವೇ, ಆದರೆ ವರ್ಷ ಮಾತ್ರ ಹಳೆಯದು, 2080. ಅಂದರೆ ಅವರಿಗೆ ವರ್ಷ ಬದಲಾಗುವುದು ತಿಂಗಳ ನಡುವೆ. ಉತ್ತರದ ಕಡೆಯಿಂದ ಬಂದ ಕಾಗದದಲ್ಲಿ 'ಚೈತ್ರ ಕೃಷ್ಣ ಪಂಚಮಿ 2080' ಅಂತ ಇದ್ದರೆ ನಾವು ಸುಮ್ನೆ ಯುಗಾದಿಯ ಆಚೆಗೆ ಹುಡುಕುತ್ತೇವೆ, ಅಲ್ವಾ? ಅದು ನಮ್ಮ ಫಾಲ್ಗುಣ ಬಹುಳ ಪಂಚಮಿ. ಯುಗಾದಿಗೆ ಮೊದಲೇ ಕಳೆದುಹೋಗಿರುತ್ತದೆ.

ಗುಜರಾತಿನದು ಬೇರೆ ದಾರಿ. ಅವರ ತಿಂಗಳು ನಮ್ಮಂತೆಯೇ ಅಮಾವಾಸ್ಯೆಗೆ ಮುಗಿಯುತ್ತದೆ. ಆದರೆ ವರ್ಷ ಶುರುವಾಗುವುದು ಕಾರ್ತಿಕ ಶುದ್ಧ ಪಾಡ್ಯಕ್ಕೆ. ನಾವು ಬಲಿಪಾಡ್ಯಮಿ ಮಾಡುವ ದಿನ ಅವರು 'ಬೆಸ್ತು ವರಸ್' ಅಂತ ಹೊಸ ವರ್ಷ ಆಚರಿಸುತ್ತಾರೆ. ದೀಪಾವಳಿಗೆ ವ್ಯಾಪಾರಿಗಳು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವುದೂ ಇದಕ್ಕೇ. ಅವರಿಗೆ 2081 ಬಂದದ್ದು 2024ರ ನವೆಂಬರ್ 2ಕ್ಕೆ. ಚೈತ್ರದಿಂದ ದೀಪಾವಳಿಯವರೆಗೆ ಕಾಶಿಗಿಂತ ಒಂದು ವರ್ಷ ಹಿಂದೆ, ಆಮೇಲೆ ಮುಂದಿನ ಚೈತ್ರದವರೆಗೆ ಸಮ.

ಹಳೆಯ ಶಾಸನ ಓದುವವರಿಗೆ ಇದು ನಿಜವಾಗಿಯೂ ಕಾಡುವ ವಿಷಯ. 'ವಿಕ್ರಮ 1200, ಶ್ರಾವಣ' ಅಂತ ಇದೆ ಎಂದುಕೊಳ್ಳಿ. ಚೈತ್ರದ ಲೆಕ್ಕವಾದರೆ 57 ಕಳೆಯಬೇಕು, 1143 ಬರುತ್ತದೆ. ಕಾರ್ತಿಕದ ಲೆಕ್ಕವಾದರೆ 56 ಕಳೆಯಬೇಕು, 1144. ಬರೆದವರು ಯಾವ ಲೆಕ್ಕ ಹಿಡಿದಿದ್ದರು ಅಂತ ಅಂಕಿ ಒಂದರಿಂದಲೇ ಗೊತ್ತಾಗುವುದಿಲ್ಲ. ತಿಥಿಯ ಜೊತೆ ವಾರವೂ ಇದ್ದರೆ ನಮ್ಮ ಅದೃಷ್ಟ. ಎರಡೂ ವರ್ಷಗಳಲ್ಲಿ ಆ ತಿಥಿ ಯಾವ ವಾರ ಬಿತ್ತು ಅಂತ ಲೆಕ್ಕ ಹಾಕಬಹುದು. ಒಂದರಲ್ಲಿ ಸೋಮವಾರ, ಇನ್ನೊಂದರಲ್ಲಿ ಶುಕ್ರವಾರ ಬಂದು, ಕಲ್ಲಿನ ಮೇಲೆ ಸೋಮವಾರ ಅಂತ ಇದ್ದರೆ, ವರ್ಷ ಸಿಕ್ಕಿತು.